ಅಮ್ಮನ ಜೊತೆ ರಾತ್ರಿ ರೈಲು: ಸ್ಲೀಪರ್, ಎಸಿ, ಚೇರ್ ಕಾರ್‌ಗಳಲ್ಲಿ ಯಾವುದು?

ಪ್ರಶ್ನೆ: ಬೆಂಗಳೂರಿನಿಂದ ಬೆಳಗಾವಿಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕು. ಅವರಿಗೆ 67 ವರ್ಷ, ಮಂಡಿನೋವಿದೆ. ನನಗೆ 40. ಸ್ಲೀಪರ್ ಸಾಕೇ, ಎಸಿ ಬೇಕೇ, ಚೇರ್ ಕಾರ್ ಆದೀತೇ?

ಚೇರ್ ಕಾರ್ ವಿಚಾರ ಮೊದಲು ಮುಗಿಸಿಬಿಡೋಣ. ಅದರಲ್ಲಿ ಸೀಟು ಸ್ವಲ್ಪ ಹಿಂದಕ್ಕೆ ವಾಲುತ್ತದೆ ಅಷ್ಟೇ, ಕಾಲು ಚಾಚಿ ಮಲಗಲು ಆಗುವುದಿಲ್ಲ. ರಾತ್ರಿಯಿಡೀ ಮಂಡಿ ಮಡಿಸಿ ಕೂತರೆ ಬೆಳಿಗ್ಗೆ ಅಮ್ಮ ಪ್ಲಾಟ್‌ಫಾರ್ಮಿಗೆ ಇಳಿಯುವುದೇ ಕಷ್ಟವಾದೀತು. ಹಗಲು ಹೊರಡಲು ಅಡ್ಡಿಯಿಲ್ಲ ಎಂದರೆ ಮಾತ್ರ ಬೇರೆ ಲೆಕ್ಕ. ಬೆಳಗಾವಿಯ ವಂದೇ ಭಾರತ್‌ನಲ್ಲಿರುವುದು ಚೇರ್ ಕಾರೇ. ಬೆಂಗಳೂರಿನಿಂದ ಮಧ್ಯಾಹ್ನ ಹೊರಟು ರಾತ್ರಿ ಮಲಗುವ ಹೊತ್ತಿಗೆ ಊರು ಮುಟ್ಟಿಸುತ್ತದೆ.

ರಾತ್ರಿ ಗಾಡಿಯೇ ಆಗಬೇಕೆಂದರೆ, ಕ್ಲಾಸಿಗಿಂತ ಮೊದಲು ಯೋಚಿಸಬೇಕಾದ್ದು ಲೋವರ್ ಬರ್ತ್. ಸ್ಲೀಪರ್, ಥರ್ಡ್ ಎಸಿ ಎರಡರಲ್ಲೂ ಒಂದು ಬೇಯಲ್ಲಿ ಎಂಟು ಬರ್ತ್ ಇರುತ್ತವೆ: ಎದುರುಬದುರು ಮೂರು ಮೂರು, ಪಕ್ಕದಲ್ಲಿ ಎರಡು. ಎಂಟರಲ್ಲಿ ಕೆಳಗಿನವು ಮೂರೇ. ಸೆಕೆಂಡ್ ಎಸಿಯಲ್ಲಿ ಮಿಡಲ್ ಬರ್ತೇ ಇಲ್ಲ, ಆರರಲ್ಲಿ ಮೂರು ಕೆಳಗಿನವು. ಅಂದರೆ ಅಲ್ಲಿ ಅರ್ಧದಷ್ಟು ಜನಕ್ಕೆ ಲೋವರ್ ಸಿಗುತ್ತದೆ. ಮಂಡಿನೋವಿನವರಿಗೆ ಸೆಕೆಂಡ್ ಎಸಿ ಒಳ್ಳೆಯದು ಎನ್ನಲು ಇದೇ ಮುಖ್ಯ ಕಾರಣ. ಪರದೆಯೂ ಇರುತ್ತದೆ, ಆದರೆ ಅದು ಆಮೇಲಿನ ಮಾತು.

ಮಿಡಲ್ ಬರ್ತಿನ ತೊಂದರೆ ಕೆಳಗಿರುವವರಿಗೂ ತಟ್ಟುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಎತ್ತಿಕಟ್ಟಿ ಮಲಗಲು ಆ ಪ್ರಯಾಣಿಕರಿಗೆ ಹಕ್ಕಿದೆ. ಅದು ಮೇಲಿದ್ದಷ್ಟು ಹೊತ್ತೂ ಕೆಳಗಿನವರು ನೆಟ್ಟಗೆ ಕೂರುವಂತಿಲ್ಲ, ತಲೆ ತಾಗುತ್ತದೆ. ನಡುರಾತ್ರಿ ಎದ್ದು ಮಾತ್ರೆ ತಗೊಳ್ಳುವವರು, ಎರಡು ಸಲ ಶೌಚಾಲಯಕ್ಕೆ ಹೋಗುವವರು ಕುತ್ತಿಗೆ ಬಗ್ಗಿಸಿಕೊಂಡೇ ಹೊರಗೆ ಬರಬೇಕು. ಸೈಡ್ ಲೋವರ್‌ನಲ್ಲಿ ಈ ಕಾಟವಿಲ್ಲ, ಯಾವಾಗ ಬೇಕಾದರೂ ಎದ್ದು ಕೂರಬಹುದು. ಆದರೆ ಅದು ಎರಡು ಸೀಟು ಸೇರಿಸಿ ಮಾಡಿದ ಹಾಸಿಗೆ, ನಡುವಿನ ಸಂದು ಸೊಂಟಕ್ಕೆ ಒತ್ತುತ್ತದೆ. ಓಡಾಡುವವರ ಬ್ಯಾಗೂ ಆಗಾಗ ತಾಗುತ್ತದೆ. ಆರ್‌ಎಸಿ ಟಿಕೆಟ್ ಆದರೆ ಇದೇ ಸೈಡ್ ಲೋವರ್‌ನಲ್ಲಿ ಇಬ್ಬರು ಕೂರಬೇಕು. ಅಮ್ಮನಿಗೆ ಆರ್‌ಎಸಿ ಬೇಡವೇ ಬೇಡ.

ಸ್ಲೀಪರ್ ಕೆಟ್ಟದ್ದೇನಲ್ಲ. ಒಂದೇ ರಾತ್ರಿ, ಹಿತವಾದ ಹವೆ, ಖಚಿತ ಲೋವರ್ ಇದ್ದರೆ ನಾನು ಖಂಡಿತ ಆಕ್ಷೇಪಿಸುವುದಿಲ್ಲ. ಡಿಸೆಂಬರ್, ಜನವರಿಯಲ್ಲಾದರೆ ಕಿಟಕಿಯ ಸಂದಿಯಿಂದ ನುಗ್ಗುವ ಗಾಳಿಗೆ ಮಂಡಿ ಇನ್ನಷ್ಟು ಬಿಗಿಯುತ್ತದೆ, ದಪ್ಪ ಕಂಬಳಿ ಮನೆಯಿಂದಲೇ ಒಯ್ಯಬೇಕು. ಎಸಿಯಲ್ಲಿ ಹೊದಿಕೆ, ದಿಂಬು ಟಿಕೆಟ್ಟಿನಲ್ಲೇ ಸೇರಿರುತ್ತವೆ. ಥರ್ಡ್ ಎಸಿಗೆ ಸ್ಲೀಪರಿನ ಎರಡೂವರೆ ಪಟ್ಟಿನ ಆಸುಪಾಸು ದರ. ಥರ್ಡ್ ಎಸಿ ಎಕಾನಮಿ ಅದಕ್ಕಿಂತ ತುಸು ಅಗ್ಗ, ಆದರೆ ಅಷ್ಟೇ ಉದ್ದದ ಬೋಗಿಯಲ್ಲಿ ಹೆಚ್ಚು ಬರ್ತ್ ತುರುಕಿರುವುದರಿಂದ ಕಾಲಿಗೆ ಜಾಗ ಕಮ್ಮಿ.

ಈಗ ಬುಕಿಂಗ್. ಇಲ್ಲಿ ತುಂಬ ಜನ ಎಡವುತ್ತಾರೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ LOWER BERTH/SR.CITIZEN ಎಂಬ ಕೋಟಾ ಇದೆ. ಆದರೆ ಆ ವಯಸ್ಸಿನವರು ಒಬ್ಬರೇ ಅಥವಾ ಅಂಥ ಇಬ್ಬರು ಹೋಗುವಾಗ ಮಾತ್ರ ಅದು ಸಿಗುವುದು. 40ರ ಮಗ ಅದೇ ಟಿಕೆಟ್ಟಿನಲ್ಲಿ ಸೇರಿಕೊಂಡರೆ ಕೋಟಾ ಕೈತಪ್ಪುತ್ತದೆ. ಅಮ್ಮನಿಗೆ ಬೇರೆ ಟಿಕೆಟ್ ಮಾಡಿದರೆ ಲೋವರ್ ಸಿಗುವ ಸಂಭವ ಹೆಚ್ಚು, ಆದರೆ ನೀವಿಬ್ಬರೂ ಬೇರೆ ಬೇರೆ ಬೋಗಿಯಲ್ಲಿ ಬೀಳಬಹುದು. ಒಟ್ಟಿಗೇ ಇರಬೇಕೆಂದರೆ ಜನರಲ್ ಕೋಟಾದಲ್ಲಿ ಇಬ್ಬರದೂ ಒಂದೇ ಟಿಕೆಟ್ ಮಾಡಿ, ಕನಿಷ್ಠ ಒಂದು ಲೋವರ್ ಸಿಕ್ಕರೆ ಮಾತ್ರ ಬುಕ್ ಆಗಲಿ ಎನ್ನುವ ಆಯ್ಕೆಗೆ ಟಿಕ್ ಹಾಕಿ. ಬುಕಿಂಗ್ ತೆರೆಯುವುದು 60 ದಿನ ಮುಂಚೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಆಗಲೇ ಸೆಕೆಂಡ್ ಎಸಿಯಲ್ಲಿ ಹೀಗೆ ಪ್ರಯತ್ನಿಸುತ್ತೇನೆ. ದರ ಹೆಚ್ಚೆನಿಸಿದರೆ ಥರ್ಡ್ ಎಸಿ.

ಬರ್ತ್ ನಂಬರ್ ಬಂದ ಮೇಲೆ ಅದು ಎಲ್ಲಿದೆ ಎಂದು ನೀವೇ ನೋಡಿಕೊಳ್ಳಬಹುದು. ಥರ್ಡ್ ಎಸಿ, ಸ್ಲೀಪರ್‌ನಲ್ಲಿ ಎಂಟರಿಂದ ಭಾಗಿಸಿ: ಶೇಷ 1 ಅಥವಾ 4 ಬಂದರೆ ಲೋವರ್, 7 ಬಂದರೆ ಸೈಡ್ ಲೋವರ್. 28 ಎಂದಿದ್ದರೆ ಶೇಷ 4, ಲೋವರ್. ಸೆಕೆಂಡ್ ಎಸಿಯಲ್ಲಿ ಆರರಿಂದ ಭಾಗಿಸಿ: 1 ಅಥವಾ 3 ಲೋವರ್, 5 ಸೈಡ್ ಲೋವರ್. 23 ಬಂದರೆ ಶೇಷ 5, ಅಂದರೆ ಸೈಡ್ ಲೋವರ್, ಸೊಂಟದಡಿಗೆ ಹಾಸಲು ಮಡಿಸಿದ ಹೊದಿಕೆ ಬೇಕು. ಮೊದಲ ಮತ್ತು ಕೊನೆಯ ಬೇಗಳು ಶೌಚಾಲಯಕ್ಕೆ ಹತ್ತಿರ. ಬಾಗಿಲಿನ ಸದ್ದಿಗೆ ನಿದ್ದೆ ಕೆಟ್ಟರೂ ಮಂಡಿನೋವಿನವರಿಗೆ ನಾಲ್ಕು ಹೆಜ್ಜೆ ಉಳಿಯುತ್ತದೆ. ಅಮ್ಮನಿಗೆ ಯಾವುದು ಹಿತ ಎಂದು ಅವರನ್ನೇ ಕೇಳಿ.

ಇಷ್ಟಾಗಿಯೂ ಅಪ್ಪರ್ ಬಂದರೆ, ಗಾಡಿ ಹೊರಟ ಕೂಡಲೇ ಟಿಟಿಇ ಬಳಿ ಹೋಗಿ. ಬಾರದವರ ಲೋವರ್ ಖಾಲಿಯಿದ್ದರೆ ವಯಸ್ಸಾದವರಿಗೆ ಕೊಡುವ ಅಧಿಕಾರ ಅವರಿಗಿದೆ.