ಹೊಸ ಸಂಸಾರದ ಮೊದಲ ಪುಸ್ತಕದ ರ‍್ಯಾಕ್: ₹6,000 ಲೆಕ್ಕ

ಮದುವೆಯಾದ ಹೊಸದರಲ್ಲಿ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಜೋಡಿಯಾಗಿ ಲೈಬ್ರರಿಗೆ ಬರುತ್ತಾರೆ. "ಸರ್, ಮನೇಲೊಂದು ಸಣ್ಣ ಲೈಬ್ರರಿ ಮಾಡ್ಬೇಕು ಅಂತಿದೀವಿ. ಯಾವ ಪುಸ್ತಕ ತಗೊಳ್ಳೋಣ?" ಅಂತ ಕೇಳುತ್ತಾರೆ. ಗ್ರಂಥಪಾಲಕನಾಗಿ ನಾನು ಮೊದಲು ಹೇಳುವುದು ಒಂದೇ: ಈ ತಿಂಗಳು ಏನೂ ಕೊಳ್ಳಬೇಡಿ. ಇಬ್ಬರ ಮನೆಯ ಅಟ್ಟದಲ್ಲೂ ಏನೇನಿದೆ ನೋಡಿಕೊಂಡು ಬನ್ನಿ.

ಇತ್ತೀಚೆಗೆ ಬಂದ ಜೋಡಿಯ ಲೆಕ್ಕವನ್ನೇ ಹೇಳುತ್ತೇನೆ. ಹುಡುಗಿ ಧಾರವಾಡದ ಕಡೆಯವರು, ಹುಡುಗ ತುಮಕೂರಿನವರು. ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಪುಸ್ತಕಕ್ಕೆ ಅಂತ ತಿಂಗಳಿಗೆ ₹500 ಎತ್ತಿಡಬಹುದು, ಅಂದರೆ ವರ್ಷಕ್ಕೆ ₹6,000. ಎರಡೂ ಊರಿಂದ ತಂದಿದ್ದು ಸೇರಿಸಿದಾಗ 70 ಪುಸ್ತಕ ಆಯಿತು. ಅದರಲ್ಲಿ ಒಂಬತ್ತು ಎರಡೆರಡು ಪ್ರತಿ! ಇಬ್ಬರೂ ಅದೇ ಕಾದಂಬರಿಗಳನ್ನು ಓದಿ ಬೆಳೆದವರು. ಎರಡರಲ್ಲಿ ಯಾವುದರ ಬೈಂಡಿಂಗ್ ಗಟ್ಟಿಯಿದೆಯೋ ಅದನ್ನು ಇಟ್ಟುಕೊಂಡು ಇನ್ನೊಂದನ್ನು ಸ್ನೇಹಿತರಿಗೆ ಕೊಡಿ ಎಂದೆ. ಅಪ್ಪನೋ ಅಜ್ಜಿಯೋ ಹೆಸರು ಬರೆದುಕೊಟ್ಟ ಪ್ರತಿಯಾದರೆ ಬೈಂಡಿಂಗ್ ನೋಡಬೇಡಿ, ಅದೇ ಇರಲಿ. ಹಳೆಯ ಪಠ್ಯಪುಸ್ತಕ, ಪರೀಕ್ಷೆಯ ಗೈಡುಗಳನ್ನು ತೆಗೆದ ಮೇಲೆ ಉಳಿದದ್ದು 48.

ಇನ್ನು ಏನು ಕೊಳ್ಳಬೇಕು ಅನ್ನುವುದು. ನಾನು ಹೇಳುವ ಪರೀಕ್ಷೆ ಸರಳ. ಈ ಪುಸ್ತಕವನ್ನು ಮತ್ತೆ ತೆರೆಯುತ್ತೀರಾ? ನಿಘಂಟು, ಕವಿತೆ, ವಚನ, ಅಡುಗೆ, ಪ್ರಬಂಧ ಇವನ್ನೆಲ್ಲ ಮತ್ತೆ ಮತ್ತೆ ತೆರೆಯುತ್ತೇವೆ. ಇವನ್ನು ಕೊಳ್ಳಿ. ಒಮ್ಮೆ ಓದಿ ಮುಗಿಸುವ ಪತ್ತೇದಾರಿ ಕಾದಂಬರಿ, ಎಲ್ಲರೂ ಮಾತಾಡುತ್ತಿರುವ ಹೊಸ ಪುಸ್ತಕ ಇವನ್ನು ಮೊದಲು ಸಾರ್ವಜನಿಕ ಗ್ರಂಥಾಲಯದಿಂದ ತಂದು ಓದಿ. ಸಣ್ಣ ಠೇವಣಿ ಕಟ್ಟಿದರೆ ಸದಸ್ಯತ್ವ ಸಿಗುತ್ತದೆ, ಬಿಡುವಾಗ ಆ ಹಣ ವಾಪಸ್. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಅಂತ ಹೋಗುತ್ತದಲ್ಲ, ಅದರಿಂದಲೇ ಈ ಗ್ರಂಥಾಲಯಗಳು ನಡೆಯುವುದು. ಓದಿದ ಮೇಲೂ ಬಿಡಲು ಮನಸ್ಸಾಗದಿದ್ದರೆ ಆಮೇಲೆ ಕೊಳ್ಳಿ.

ಆ ₹6,000 ಅನ್ನು ಹೀಗೆ ಹಂಚಿದೆವು. ರ‍್ಯಾಕಿಗೆ ₹1,500. ನಿಘಂಟು ಮತ್ತು ಒಂದೆರಡು ಆಕರ ಗ್ರಂಥಕ್ಕೆ ₹900. ನವೆಂಬರ್ ಖರೀದಿಗೆ ₹1,600. ಹಳೆಯ ಪುಸ್ತಕಕ್ಕೆ ₹1,000. ಉಳಿದ ₹1,000ದಲ್ಲಿ ತಲಾ ₹500 ಅವರವರ ಇಷ್ಟಕ್ಕೆ, ಇನ್ನೊಬ್ಬರು ಯಾಕೆ ಅಂತ ಕೇಳಬಾರದು. ಈ ಕೊನೆಯದು ನನ್ನ ಹಟ. ಹೊಸ ಸಂಸಾರದಲ್ಲಿ "ನಮ್ಮಿಬ್ಬರಿಗೂ ಇಷ್ಟವಾಗೋದು" ಅಂತ ಮಾತ್ರ ಹುಡುಕುತ್ತಾ ಹೋದರೆ ಇಬ್ಬರೂ ಓದದ ಪುಸ್ತಕಗಳೇ ಕಪಾಟು ತುಂಬುತ್ತವೆ.

ನವೆಂಬರ್ ಯಾಕೆ ಅಂದರೆ, ಕನ್ನಡ ಪುಸ್ತಕ ಪ್ರಾಧಿಕಾರ ರಾಜ್ಯೋತ್ಸವದ ತಿಂಗಳಲ್ಲಿ ತನ್ನ ಪ್ರಕಟಣೆಗಳನ್ನು ಸಾಮಾನ್ಯವಾಗಿ ಅರ್ಧ ಬೆಲೆಗೆ ಮಾರುತ್ತದೆ. ಖಾಸಗಿ ಪ್ರಕಾಶಕರೂ ಆಗ ರಿಯಾಯಿತಿ ಕೊಡುತ್ತಾರೆ. ಅಕಾಡೆಮಿಗಳ, ವಿಶ್ವವಿದ್ಯಾಲಯಗಳ ಪ್ರಸಾರಾಂಗದ ಪುಸ್ತಕಗಳಿಗೆ ವರ್ಷವಿಡೀ ಬೆಲೆ ಕಮ್ಮಿ. ಕಾಗದ ಅಷ್ಟೇನೂ ಚೆನ್ನಾಗಿರಲಿಕ್ಕಿಲ್ಲ, ಆದರೆ ಒಳಗಿನ ಸಂಪಾದನೆ ಗಟ್ಟಿ. ಅದಕ್ಕೇ ವರ್ಷವಿಡೀ ಬೇಕಾದ ಪುಸ್ತಕಗಳ ಪಟ್ಟಿ ಬರೆದಿಟ್ಟುಕೊಂಡು ನವೆಂಬರಿನಲ್ಲಿ ಒಟ್ಟಿಗೆ ತೆಗೆದುಕೊಳ್ಳಿ. ನಿಘಂಟಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಮನೆಗೆ ಸಾಕು. ಪರಿಷತ್ತಿನ ಬೃಹತ್ ನಿಘಂಟಿನ ಎಂಟು ಸಂಪುಟ ಈಗಲೇ ಬೇಡ.

ಬೈಂಡಿಂಗ್ ಹೇಗಿದೆ ಅಂತ ನೋಡಲು ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿ. ಹಾಳೆಗಳು ಸಣ್ಣ ಸಣ್ಣ ಕಂತೆಗಳಾಗಿ ಮಡಚಿಕೊಂಡಿದ್ದರೆ ಅದು ಬಹುಮಟ್ಟಿಗೆ ಹೊಲಿಗೆಯ ಬೈಂಡಿಂಗ್. ಒಂದೊಂದೇ ಹಾಳೆ ನೇರವಾಗಿ ಅಂಟಿಗೆ ತಾಗಿದ್ದರೆ ಗಮ್ ಬೈಂಡಿಂಗ್. ತೆಳ್ಳಗಿನ ಪುಸ್ತಕಕ್ಕೆ ಗಮ್ ನಡೆಯುತ್ತದೆ. ದಿನಾ ತೆರೆಯುವ ದಪ್ಪ ನಿಘಂಟಿಗೆ ಹೊಲಿಗೆಯೇ ಇರಬೇಕು, ಇಲ್ಲದಿದ್ದರೆ ಬೆನ್ನು ಸೀಳಿ ಹಾಳೆ ಉದುರುತ್ತದೆ.

ಹಳೆಯ ಪುಸ್ತಕ ಕೊಳ್ಳುವಾಗ ಇನ್ನೂ ಜಾಸ್ತಿ ಎಚ್ಚರ ಬೇಕು. ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟಿನಲ್ಲೋ ಪುಸ್ತಕ ಕೈಗೆತ್ತಿಕೊಂಡ ಮೇಲೆ ಮುಖಪುಟ ನೋಡಿ ಸುಮ್ನೆ ದುಡ್ಡು ಕೊಟ್ಟು ಬರಬೇಡಿ. ಮೊದಲು ಪುಟಸಂಖ್ಯೆ ತಿರುವಿ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಸಾಮಾನ್ಯವಾಗಿ 16 ಪುಟಕ್ಕೊಂದು ಫಾರಂ. ಬಿಟ್ಟುಹೋದರೆ ಇಡೀ ಫಾರಂ ಬಿಟ್ಟುಹೋಗುತ್ತದೆ, ಇಲ್ಲವೇ ಅದೇ ಫಾರಂ ಎರಡು ಸಲ ಬಂದಿರುತ್ತದೆ. 16, 32, 48 ಹೀಗೆ ಆಸುಪಾಸಿನ ಪುಟಗಳನ್ನು ನೋಡಿದರೆ ಬೇಗ ಗೊತ್ತಾಗುತ್ತದೆ. ಕೊನೆಯ ಹಾಳೆ ಇದೆಯಾ ಅಂತಲೂ ನೋಡಿ. ಆಮೇಲೆ ಮೂಸಿ. ಹಳೆಯ ಕಾಗದದ ವಾಸನೆಯಾದರೆ ತೊಂದರೆಯಿಲ್ಲ, ಒದ್ದೆ ಗೋಣಿಚೀಲದ ವಾಸನೆ ಬಂದರೆ ಬೂಷ್ಟು ಹಿಡಿದಿದೆ ಅಂತ ಅರ್ಥ. ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ, ಪಕ್ಕದ ಪುಸ್ತಕಕ್ಕೂ ಹರಡುತ್ತದೆ. ಕಂದು ಚುಕ್ಕೆಗಳಿದ್ದರೆ ಹೆದರಬೇಕಿಲ್ಲ. ಸಣ್ಣ ತೂತು ಇದ್ದರೆ ಪುಸ್ತಕವನ್ನು ಬಿಳಿ ಹಾಳೆಯ ಮೇಲೆ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಹುಳ ಇನ್ನೂ ಒಳಗೇ ಇರಬಹುದು.

ಅಂಥ ಪುಸ್ತಕ ಬೇಕೇ ಬೇಕು ಅನ್ನಿಸಿದರೆ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇಡಿ. ಐಸ್‌ಕ್ರೀಮ್ ಗಟ್ಟಿಯಾಗಿ ನಿಲ್ಲುವಷ್ಟು ತಂಪಿರಬೇಕು. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬೇಡಿ, ಕಾಗದದ ಮೇಲೆ ನೀರು ಕೂತುಬಿಡುತ್ತದೆ. ಒಂದು ದಿನ ಹಾಗೇ ಬಿಟ್ಟು ಆಮೇಲೆ ಬಿಚ್ಚಿ. ಬಿಸಿಲಿಗೆ ಒಣಗಿಸುವ ಅಭ್ಯಾಸ ನಮ್ಮಲ್ಲಿದೆ, ಆದರೆ ಉರಿಬಿಸಿಲಿಗೆ ಕಾಗದ ಹಳದಿಯಾಗಿ ಪುಡಿಪುಡಿಯಾಗುತ್ತದೆ. ನೆರಳಲ್ಲಿ ಗಾಳಿಗೆ ಇಟ್ಟರೆ ಸಾಕು.

ಇನ್ನು ರ‍್ಯಾಕ್. ನಮ್ಮ ಜೋಡಿ ಹಳೆಯ ಸಾಮಾನಿನ ಅಂಗಡಿಯಿಂದ ಮೂರಡಿ ಅಗಲದ ಕಬ್ಬಿಣದ ರ‍್ಯಾಕ್ ತಂದರು. ಕಬ್ಬಿಣಕ್ಕೆ ಗೆದ್ದಲು ಹಿಡಿಯಲ್ಲ, ಮನೆ ಬದಲಿಸುವಾಗ ಬೋಲ್ಟು ಬಿಚ್ಚಿದರೆ ಆಯಿತು. ತಗಡಿನ ಅಂಚು ಮುಖಪುಟ ಕೊಯ್ಯದಂತೆ ರಟ್ಟು ಹಾಸಿ. ಅಗ್ಗದ ಪಾರ್ಟಿಕಲ್ ಬೋರ್ಡಿನ ಹಲಗೆ ಮೂರಡಿ ಉದ್ದಕ್ಕಿದ್ದರೆ ವರ್ಷದೊಳಗೆ ನಡುವೆ ಬಾಗಬಹುದು. ಯಾಕಂದರೆ ಮೂರಡಿಯಲ್ಲಿ 200 ಪುಟದ ಸುಮಾರು 60 ಪುಸ್ತಕ ಹಿಡಿಸುತ್ತದೆ, ತೂಕ 15 ಕಿಲೋ ದಾಟುತ್ತದೆ. ಗೋಡೆಗೆ ಎರಡು ಇಂಚು ಬಿಟ್ಟು ನಿಲ್ಲಿಸಿ. ಬಾತ್‌ರೂಮಿನ ಗೋಡೆ, ಅಡುಗೆಮನೆಯ ಪಕ್ಕ ಬೇಡ. ಕೆಳಗಿನ ಹಲಗೆ ಖಾಲಿ ಬಿಡಿ, ನೆಲ ಒರೆಸುವ ನೀರು ತಾಗುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರು ಮಳೆಗಾಲದಲ್ಲಿ ಪುಸ್ತಕಗಳನ್ನು ಒತ್ತೊತ್ತಾಗಿ ಜೋಡಿಸಬೇಡಿ, ನಡುವೆ ಗಾಳಿಯಾಡಲಿ. ನುಸಿಗುಳಿಗೆ ಬದಲು ಎರಡು ತಿಂಗಳಿಗೊಮ್ಮೆ ಎಲ್ಲ ತೆಗೆದು ಒಣಬಟ್ಟೆಯಲ್ಲಿ ಒರೆಸುವುದೇ ಒಳ್ಳೆಯದು. ಚಿಕ್ಕ ಮಗು ಬಂದ ಮನೆಯಲ್ಲಂತೂ ಆ ಗುಳಿಗೆ ಬೇಡವೇ ಬೇಡ.

ಕೊಂಡ ದಿನ, ಬೆಲೆ, ಎಲ್ಲಿಂದ ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಕ್ಕದಲ್ಲೇ ಯಾರಿಗೆ ಕೊಟ್ಟಿದ್ದೀರಿ ಅನ್ನುವ ಕಾಲಂ ಇರಲಿ. ಪುಸ್ತಕ ಕೇಳಿದವರ ಮುಂದೆಯೇ ಬರೆದುಕೊಂಡರೆ ಯಾರಿಗೂ ಬೇಸರವಾಗಲ್ಲ, ಪುಸ್ತಕ ವಾಪಸ್ಸೂ ಬರುತ್ತದೆ. ಬಾಡಿಗೆ ಕರಾರು ಮುಗಿದು ಮನೆ ಬದಲಿಸುವಾಗ ದೊಡ್ಡ ಪೆಟ್ಟಿಗೆಗೆ ತುಂಬಬೇಡಿ, ತಳ ಕಿತ್ತುಹೋಗುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಸಣ್ಣ ರಟ್ಟಿನ ಪೆಟ್ಟಿಗೆಗೆ ಮೂವತ್ತು ಪುಸ್ತಕದಂತೆ ಮಲಗಿಸಿ ಜೋಡಿಸಿದರೆ ಒಬ್ಬರೇ ಎತ್ತಿಕೊಂಡು ಮೆಟ್ಟಿಲಿಳಿಯಬಹುದು.