ನೆನಪಿಸುವ ಸ್ಕ್ರಿಪ್ಟಿಗೇ ನೆನಪಿಲ್ಲದಿದ್ದರೆ?

ಶುಲ್ಕದ ಲೆಕ್ಕ ಒಂದು ಎಕ್ಸೆಲ್ ಹಾಳೆಯಲ್ಲಿದೆ ಎಂದುಕೊಳ್ಳಿ. ದಿನವೂ ಬೆಳಿಗ್ಗೆ 9ಕ್ಕೆ ಒಂದು ಪೈಥಾನ್ ಸ್ಕ್ರಿಪ್ಟ್ ಅದನ್ನು ಓದಿ, ಗಡುವು ದಾಟಿದವರಿಗೆ ಮೇಲ್ ಕಳಿಸಬೇಕು. ಸರಿಯಾದ ಹೊತ್ತಿಗೆ ಅದನ್ನು ಎಬ್ಬಿಸುವುದು ಕ್ರಾನ್. ಅದಕ್ಕೆ `0 9 * * *` ಎಂಬ ಸಾಲು ಸಾಕು. ಒಳಗಿನ ಲೆಕ್ಕವೂ ಸುಲಭ ಅನ್ನಿಸುತ್ತದೆ:

```python
if balance > 0 and (today - due).days == 3:
    send_mail(email)
```

ಗಡುವು ಮುಗಿದು ಸರಿಯಾಗಿ 3 ದಿನವಾದರೆ ಮೇಲ್ ಹೋಗುತ್ತದೆ. ಗಡುವು 10ನೇ ತಾರೀಖು, 13ರ ಬೆಳಿಗ್ಗೆ ಕಂಪ್ಯೂಟರ್ ಆಫ್ ಆಗಿತ್ತು ಅನ್ನಿ. ತಪ್ಪಿದ ಕೆಲಸವನ್ನು ಕ್ರಾನ್ ಆಮೇಲೆ ಮಾಡುವುದಿಲ್ಲ. 14ಕ್ಕೆ ಲೆಕ್ಕ 4 ಆಗಿರುತ್ತದೆ, ಆ ಮೇಲ್ ಇನ್ನು ಹೋಗುವುದೇ ಇಲ್ಲ. ದೋಷದ ಸಂದೇಶವೂ ಬರುವುದಿಲ್ಲ. ಹಾಗಂತ `==` ತೆಗೆದು `>=` ಹಾಕಿದರೆ, ದುಡ್ಡು ಕಟ್ಟುವವರೆಗೂ ದಿನಾ ಒಂದು ಮೇಲ್!

ನಿನ್ನೆ ಯಾರಿಗೆ ಕಳಿಸಿದೆ ಎಂಬುದು ಸ್ಕ್ರಿಪ್ಟಿಗೆ ಗೊತ್ತಿಲ್ಲ. ಪ್ರತಿ ಸಲವೂ ಅದು ಹೊಸದಾಗಿ ಶುರುವಾಗುತ್ತದೆ. ಹಾಗಾಗಿ `>=` ಇಟ್ಟುಕೊಂಡು, ಕಳಿಸಿದ್ದನ್ನು ಎಲ್ಲಾದರೂ ಬರೆದಿಡಬೇಕು.

ಅದೇ ಹಾಳೆಯಲ್ಲಿ ಒಂದು ಕಾಲಂ ಸೇರಿಸಿದರಾಯಿತು ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಇಲ್ಲೊಂದು ಅಪಾಯ ಇದೆ. ಬಾಕಿ ಮೊತ್ತ ಸಾಮಾನ್ಯವಾಗಿ `=C2-D2` ಥರದ ಸೂತ್ರವಾಗಿರುತ್ತದೆ. ಎಕ್ಸೆಲ್ ಫೈಲ್ ಓದುವ ಪೈಥಾನ್ ಲೈಬ್ರರಿ `openpyxl` ಸುಮ್ನೆ ಓದಿದರೆ ಆ ಸೂತ್ರವನ್ನೇ ಅಕ್ಷರಗಳಾಗಿ ಕೊಡುತ್ತದೆ. ಸಂಖ್ಯೆ ಬೇಕೆಂದು `data_only=True` ಹಾಕಿದರೆ, ಎಕ್ಸೆಲ್ ಕೊನೆಯ ಸಲ ಲೆಕ್ಕ ಹಾಕಿ ಉಳಿಸಿದ ಮೊತ್ತ ಸಿಗುತ್ತದೆ. ಹೀಗೆ ತೆರೆದ ಫೈಲನ್ನೇ ಮತ್ತೆ ಸೇವ್ ಮಾಡಿದಿರೋ, ಸೂತ್ರಗಳೆಲ್ಲ ಅಳಿಸಿಹೋಗಿ ಬರೀ ಸಂಖ್ಯೆಗಳು ಉಳಿಯುತ್ತವೆ. ಆಮೇಲೆ ಯಾರಾದರೂ ಶುಲ್ಕ ಕಟ್ಟಿದ್ದನ್ನು ತುಂಬಿದರೂ ಬಾಕಿ ಕದಲುವುದಿಲ್ಲ. ಕಟ್ಟಿದವರಿಗೇ ಜ್ಞಾಪನೆ ಹೋಗುತ್ತದೆ. ಅನುಮಾನ ಬಂದರೆ ಬಾಕಿಯ ಕೋಶದ ಮೇಲೆ ಕ್ಲಿಕ್ ಮಾಡಿ ನೋಡಿ. ಮೇಲಿನ ಫಾರ್ಮುಲಾ ಬಾರ್‌ನಲ್ಲಿ ಸೂತ್ರದ ಬದಲು ಬರೀ ಸಂಖ್ಯೆ ಕಂಡರೆ ಆಗಿದ್ದು ಇದೇ.

ಅದಕ್ಕೇ ನನ್ನ ಮಟ್ಟಿಗೆ ಹಾಳೆ ಓದುವುದಕ್ಕೆ ಮಾತ್ರ. ಕಳಿಸಿದ ದಾಖಲೆ ಬೇರೆ ಫೈಲಿನಲ್ಲಿರಲಿ. ಪೈಥಾನ್ ಜೊತೆಗೇ ಬರುವ `sqlite3` ಎಂಬ ಪುಟ್ಟ ಡೇಟಾಬೇಸ್ ಇದಕ್ಕೆ ಸಾಕು. ಆದರೆ ಬರೀ ಇಮೇಲ್ ವಿಳಾಸ ಬರೆದಿಟ್ಟರೆ ಮುಂದಿನ ಕಂತಿನ ಜ್ಞಾಪನೆಯೂ ನಿಂತುಹೋಗುತ್ತದೆ, ಅಲ್ವಾ? ಯಾರು, ಯಾವ ಗಡುವು, ಎಷ್ಟನೇ ಜ್ಞಾಪನೆ ಎಂಬ ಮೂರೂ ಬೇಕು.

ಇನ್ನು ಮೊದಲು ಕಳಿಸುವುದೋ, ಮೊದಲು ಬರೆಯುವುದೋ? ಬರೆದ ಮೇಲೆ ಕಳಿಸುವಷ್ಟರಲ್ಲಿ ಕರೆಂಟ್ ಹೋದರೆ, ಹೋಗದ ಮೇಲ್ ಹೋಗಿದೆ ಎಂದೇ ದಾಖಲಾಗುತ್ತದೆ. ಕಳಿಸಿದ ಮೇಲೆ ಬರೆಯುವುದಾದರೆ, ನಡುವೆ ನಿಂತಾಗ ಅದೇ ಮೇಲ್ ಎರಡು ಸಲ ಹೋಗಬಹುದು. ಎರಡು ಸಲ ಬಂದರೆ ಕಿರಿಕಿರಿ ಅಷ್ಟೇ. ಹಾಗಾಗಿ ಮೊದಲು ಕಳಿಸಿ, ಪ್ರತಿ ಮೇಲ್ ಆದ ತಕ್ಷಣ ಬರೆಯುವುದು ವಾಸಿ. ಎಲ್ಲವನ್ನೂ ಕೊನೆಗೆ ಒಟ್ಟಿಗೆ ಬರೆಯಹೊರಟು ನಡುವೆ ನಿಂತರೆ, ಅಲ್ಲಿಯವರೆಗೆ ಹೋದವೆಲ್ಲ ಮರುದಿನ ಮತ್ತೆ ಹೋಗುತ್ತವೆ.

ಅಂದಹಾಗೆ, ‘ಕಳಿಸಿದೆ’ ಎಂದರೆ ನಮ್ಮ ಮೇಲ್ ಸರ್ವರ್ ಅದನ್ನು ತೆಗೆದುಕೊಂಡಿತು ಎಂದಷ್ಟೇ ಅರ್ಥ. ವಿಳಾಸ ತಪ್ಪಿದ್ದರೆ ಮೇಲ್ ಆಮೇಲೆ ವಾಪಸ್ ಬರುತ್ತದೆ, ಅದೂ ಕಳಿಸಿದವರ ಇನ್‌ಬಾಕ್ಸಿಗೆ. ಸ್ಕ್ರಿಪ್ಟ್ ಅದನ್ನು ನೋಡುವುದಿಲ್ಲ. ಅದನ್ನು ಯಾರಾದರೂ ತೆರೆದು ನೋಡಬೇಕು.