ಆರು ಸೆಕೆಂಡಿನ ಲೋಗೋ ವಿಡಿಯೋವನ್ನು ಆ್ಯಪ್‌ಗೆ ಹಾಕಬೇಡಿ

ಲೋಗೋಗೆ ಚಲನೆ ಕೊಡುವುದು ನನ್ನ ಕೆಲಸ. ಮುಂಬೈಯಲ್ಲಿ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಈ ಮಾತು ಹೇಳಿಯೇ ಹೇಳುತ್ತಾರೆ: "ಜಾಹೀರಾತು ವಿಡಿಯೋದ ಶುರುವಿಗೆ ಮಾಡಿಕೊಟ್ರಲ್ಲ, ಅದನ್ನೇ ಆ್ಯಪ್‌ಗೂ ಹಾಕಿಬಿಡಿ." ಅದು ಆಗುವುದಿಲ್ಲ. ಯಾಕೆ ಅಂತ ಸಮಾಧಾನವಾಗಿ ಹೇಳುತ್ತೇನೆ, ಯಾಕಂದ್ರೆ ಎಷ್ಟು ಹೇಳಿದರೂ ಜನ ಮತ್ತೆ ಅಲ್ಲಿಗೇ ಬರುತ್ತಾರೆ.

ವಿಡಿಯೋದಲ್ಲಿ ಸಮಯ ನಮ್ಮ ಕೈಯಲ್ಲಿದೆ. ಸೆಕೆಂಡಿಗೆ 25 ಫ್ರೇಮ್ ಅಂದರೆ ಆರು ಸೆಕೆಂಡಿಗೆ 150 ಫ್ರೇಮ್, ನೋಡುವವರು ತಳ್ಳಿ ಮುಂದೆ ಹೋಗದಿದ್ದರೆ ಅಷ್ಟೂ ಓಡುತ್ತವೆ. ಆ್ಯಪ್‌ನಲ್ಲಿ ಹಾಗಿಲ್ಲ. ಐಕಾನ್ ಮೇಲೆ ಬೆರಳು ಬಿದ್ದ ಮೇಲೆ ಫೋನ್ ಆ ಆ್ಯಪ್ಪನ್ನು ಎಬ್ಬಿಸಬೇಕು, ಕೋಡ್ ತುಂಬಿಸಿಕೊಳ್ಳಬೇಕು, ಮೊದಲ ಪರದೆ ಬಿಡಿಸಬೇಕು. ಆ ಸಂದಿಯಲ್ಲಿ ಮಾತ್ರ ಲೋಗೋಗೆ ಜಾಗ. ಹೊಸ ಫೋನಿನಲ್ಲಿ ಅದು ಅರ್ಧ ಸೆಕೆಂಡ್ ಇರಬಹುದು. ಸ್ಟೋರೇಜ್ ತುಂಬಿದ ಹಳೇ ಫೋನಿನಲ್ಲಿ ಮೂರು ಸೆಕೆಂಡ್ ಆದರೂ ಆಯಿತು. ಈಗಷ್ಟೇ ಬಳಸಿ ಬಿಟ್ಟ ಆ್ಯಪ್‌ಗೆ ಮರಳಿದರೆ ಆ ಸಂದಿ ಇರುವುದೇ ಇಲ್ಲ. ಅಂದರೆ ನಮ್ಮ ಚಲನೆ ಎಷ್ಟು ಹೊತ್ತು ಕಾಣುತ್ತದೆ ಅನ್ನುವುದು ನಮಗೆ ಮೊದಲೇ ಗೊತ್ತಾಗುವಂಥದ್ದಲ್ಲ.

ಇಷ್ಟಾದರೂ ಆರು ಸೆಕೆಂಡ್ ಪೂರ್ತಿ ತೋರಿಸಲೇಬೇಕು ಅಂದರೆ ದಾರಿ ಒಂದೇ. ಆ್ಯಪ್ ತಯಾರಾಗಿದ್ದರೂ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಬೇಕು.

ಮಾಟುಂಗಾದ ಒಬ್ಬರು ಶೆಟ್ರ ವಿಷಯ ಹೇಳುತ್ತೇನೆ. ಅಂಧೇರಿ, ಬಿಕೆಸಿ ಕಡೆಯ ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತಾರೆ, ಮದುವೆ ಊಟದ ಗುತ್ತಿಗೆಯೂ ಇದೆ. ಅವರ ಲೋಗೋ ಒಂದು ಬಾಳೆ ಎಲೆ, ಕೆಳಗೆ ಹೆಸರು. ಮದುವೆ ಊಟದ ವಿಡಿಯೋಗೆ ನಾವು ಮಾಡಿದ್ದು ಹೀಗೆ: ಸುರುಳಿ ಎಲೆ ಎಡದಿಂದ ಬಲಕ್ಕೆ ಬಿಚ್ಚಿಕೊಳ್ಳುತ್ತದೆ, ನೀರ ಹನಿ ಚಿಮ್ಮುತ್ತದೆ, ಹೆಸರಿನ ಅಕ್ಷರಗಳು ಒಂದೊಂದಾಗಿ ಕೂರುತ್ತವೆ, ಕೊನೆಗೆ ಒಂದು ಗಂಟೆಯ ನಾದ. ವಿಡಿಯೋದಲ್ಲಿ ಚೆನ್ನಾಗಿಯೇ ಇತ್ತು. ಆ್ಯಪ್‌ಗೆ ಬೇಡ ಅಂದಾಗ ಅವರಿಗೆ ಬೇಜಾರಾಯಿತು. "ಎಂಥ ಮಾರಾಯ್ರೇ, ದುಡ್ಡು ಕೊಟ್ಟದ್ದು ಆರು ಸೆಕೆಂಡಿಗೆ, ತೋರಿಸುವುದು ಅರ್ಧ ಸೆಕೆಂಡಾ?"

ಲೆಕ್ಕ ಹಾಕೋಣ ಶೆಟ್ರೇ ಅಂದೆ. ಆಫೀಸಿನವರು ದಿನಕ್ಕೆ ಎರಡು ಸಲ ಆ್ಯಪ್ ತೆಗೆಯುತ್ತಾರೆ ಅಂತ ಇಟ್ಟುಕೊಳ್ಳಿ. ಒಮ್ಮೆ ಊಟ ಹೇಳಲು, ಇನ್ನೊಮ್ಮೆ ಹುಡುಗ ಎಲ್ಲಿದ್ದಾನೆ ನೋಡಲು. ಪ್ರತಿ ಸಲ ಐದು ಸೆಕೆಂಡ್ ಜಾಸ್ತಿ ಕಾದರೆ ತಿಂಗಳಿನ 25 ಕೆಲಸದ ದಿನಕ್ಕೆ 250 ಸೆಕೆಂಡ್. ಹಸಿದವರನ್ನು ನಾಲ್ಕು ನಿಮಿಷಕ್ಕಿಂತ ಜಾಸ್ತಿ ಕಾಯಿಸಿದ ಹಾಗಾಯಿತು, ಅದೂ ನೋಡಿ ನೋಡಿ ಬಾಯಿಪಾಠವಾದ ಎಲೆಗೋಸ್ಕರ. ಮದುವೆ ವಿಡಿಯೋ ನೋಡುವವರು ಕೂತು ನೋಡುತ್ತಾರೆ, ಅದೂ ಒಂದೇ ಸಲ. ಇವರಿಗೆ ಬೇಕಾಗಿರುವುದು ಊಟ, ಅಲ್ವಾ?

ಇನ್ನು ಫೋನೇ ಒಪ್ಪದ ಸಂಗತಿಗಳಿವೆ. ಆಂಡ್ರಾಯ್ಡ್ 12ರಿಂದ ಈಚೆಗೆ ತೆರೆಯುವಾಗ ಮೊದಲು ಕಾಣುವ ಪರದೆಯನ್ನು, ಅಂದರೆ ಸ್ಪ್ಲಾಶ್ ಸ್ಕ್ರೀನನ್ನು, ಸಿಸ್ಟಮ್ ತಾನೇ ತೋರಿಸುತ್ತದೆ. ಹಿಂದೆ ಒಂದು ಬಣ್ಣ, ನಡುವೆ ಐಕಾನ್. ಅಲ್ಲಿ ವಿಡಿಯೋ ಹಾಕಲು ಬರುವುದಿಲ್ಲ, ಗೆರೆ, ಆಕಾರಗಳಿಂದ ಬಿಡಿಸಿದ ವೆಕ್ಟರ್ ಚಲನೆ ಮಾತ್ರ. ಫೋನಿನಲ್ಲಿ ಅದು ಒಂದು ಸೆಕೆಂಡ್ ಮೀರದಿರಲಿ ಅನ್ನುತ್ತದೆ ಗೂಗಲ್. ಡಿಪಿ ಅನ್ನುವುದು ಆಂಡ್ರಾಯ್ಡ್ ಪರದೆಯ ಅಳತೆಯ ಮಾನ. ಹಿನ್ನೆಲೆ ಇಲ್ಲದ ಐಕಾನಿನ ಚೌಕ 288 ಡಿಪಿ, ಆದರೆ ಕಾಣುವುದು ಅದರೊಳಗಿನ 192 ಡಿಪಿ ವೃತ್ತ. ಶೆಟ್ರ ಎಲೆ ಉದ್ದದ್ದು, ಮೊದಲ ಪ್ರಯೋಗದಲ್ಲಿ ಎರಡೂ ತುದಿ ಕತ್ತರಿಸಿ ಹೋದವು. ಐಫೋನಿನ ಲಾಂಚ್ ಸ್ಕ್ರೀನ್‌ನಲ್ಲಿ ಚಲನೆಗೇ ಅವಕಾಶವಿಲ್ಲ, ಅದು ನಿಂತ ಚಿತ್ರ. ಚಲನೆ ಏನಿದ್ದರೂ ಆ್ಯಪ್ ಶುರುವಾದ ಮೇಲೆ.

ಇದನ್ನು ತಿಳಿಯದೆ ವಿಡಿಯೋ ತುರುಕಿದ ಆ್ಯಪ್ಪನ್ನು ನೋಡಿದ ಕೂಡಲೇ ಗುರುತಿಸಬಹುದು. ಮೊದಲು ಸಿಸ್ಟಮ್‌ನ ನಿಂತ ಐಕಾನ್, ಆಮೇಲೆ ಒಂದು ಕ್ಷಣ ಬಿಳಿ ಮಿಂಚು, ಆಮೇಲೆ ಅದೇ ಲೋಗೋ ಬೇರೆ ಅಳತೆಯಲ್ಲಿ ಮತ್ತೊಮ್ಮೆ. ಅನುಮಾನವಿದ್ದರೆ ಸ್ಕ್ರೀನ್ ರೆಕಾರ್ಡ್ ಮಾಡಿ, ಫ್ರೇಮ್ ಫ್ರೇಮ್ ಸರಿಸಿ ನೋಡಿ.

ಶೆಟ್ರ ಆ್ಯಪ್‌ಗೆ ನಾವು ಆರು ಸೆಕೆಂಡಿನಿಂದ ಒಂದೇ ಒಂದು ಚಲನೆ ತೆಗೆದುಕೊಂಡೆವು, ಎಲೆ ಬಿಚ್ಚುವುದು. ಹನಿ, ಹೆಸರು, ಗಂಟೆ ಎಲ್ಲ ಬಿಟ್ಟೆವು. ಹೆಸರು ಆ ಅಳತೆಯಲ್ಲಿ ಓದಲು ಆಗುವುದಿಲ್ಲ, ಗಂಟೆ ಮೀಟಿಂಗಿನಲ್ಲಿ ಕೂತವರಿಗೆ ಮುಜುಗರ. ಎಲೆಯನ್ನೂ ಖಾಲಿ ಪರದೆಯಿಂದ ಶುರು ಮಾಡಲಿಲ್ಲ. ಮುಕ್ಕಾಲು ಬಿಚ್ಚಿರುವಲ್ಲಿಂದಲೇ ಶುರು, 400 ಮಿಲಿಸೆಕೆಂಡಿನಲ್ಲಿ ಪೂರ್ತಿ. ಕಾರಣ ಇಷ್ಟೇ: ಫೋನ್ ಯಾವ ಗಳಿಗೆಯಲ್ಲಿ ಬೇಕಾದರೂ ತುಂಡು ಮಾಡಬಹುದು, ಎಲ್ಲಿ ತುಂಡಾದರೂ ಅದು ಶೆಟ್ರ ಎಲೆ ಅಂತ ಗೊತ್ತಾಗಬೇಕು. ಫೋನ್ ನಿಧಾನವಾದರೆ ಬಿಚ್ಚಿದ ಎಲೆ ಹಾಗೇ ಸುಮ್ನೆ ನಿಂತಿರುತ್ತದೆ. ತಯಾರಾದ ಕೂಡಲೇ ಎಲೆ ಚಿಕ್ಕದಾಗಿ ಮೇಲೆ ಸರಿದು ಮೊದಲ ಪರದೆಯ ತಲೆಪಟ್ಟಿಯಲ್ಲಿ ಕೂರುತ್ತದೆ, 250 ಮಿಲಿಸೆಕೆಂಡ್. ಹಳೆಯ ಟ್ವಿಟರ್ ಆ್ಯಪ್‌ನಲ್ಲಿ ಹಕ್ಕಿ ದೊಡ್ಡದಾಗಿ ಅದರ ಒಳಗಿಂದ ಪರದೆ ತೆರೆದುಕೊಳ್ಳುತ್ತಿತ್ತು, ನೆನಪಿರಬಹುದು. ಅದೂ ಇದೇ ಬಗೆ. ಐಫೋನಿನಲ್ಲಿ ಲಾಂಚ್ ಸ್ಕ್ರೀನಿನ ನಿಂತ ಎಲೆ ಯಾವ ಜಾಗ, ಯಾವ ಅಳತೆಯಲ್ಲಿದೆಯೋ ಅಲ್ಲಿಂದಲೇ ಚಲನೆ ಶುರುವಾಗುತ್ತದೆ, ಹಾರಿದಂತೆ ಕಾಣಬಾರದು. ಫೋನಿನಲ್ಲಿ ಆ್ಯನಿಮೇಶನ್ ಬೇಡ ಅಂತ ಸೆಟ್ಟಿಂಗ್ ಮಾಡಿಕೊಂಡವರಿಗೆ ನಿಂತ ಎಲೆಯೇ ಸಾಕು. ಕೆಲವರಿಗೆ ಪರದೆ ಅಲುಗಿದರೆ ತಲೆ ಸುತ್ತುತ್ತದೆ.

ಹಾಗಾದರೆ ವಿಡಿಯೋಗೂ ಆ್ಯಪ್‌ಗೂ ಏನು ಸಂಬಂಧ ಉಳಿಯಿತು ಅಂತ ಶೆಟ್ರು ಕೇಳಿದರು. ಸರಿಯಾದ ಪ್ರಶ್ನೆ. ಎರಡರಲ್ಲೂ ಎಲೆ ಎಡದಿಂದ ಬಲಕ್ಕೇ ಬಿಚ್ಚುತ್ತದೆ, ಬೇಗ ಹೊರಟು ಕೊನೆಯಲ್ಲಿ ನಿಧಾನವಾಗುತ್ತದೆ, ಮತ್ತೆ ಪುಟಿಯುವುದಿಲ್ಲ. ಆ ಓಟದ ವಕ್ರರೇಖೆಯನ್ನು ಅಂಕಿಯಲ್ಲೇ ಬರೆದಿಟ್ಟಿದ್ದೇವೆ:

```
cubic-bezier(0.2, 0, 0, 1)
```

ವಿಡಿಯೋದಲ್ಲಿ ಇದು ಒಂದು ಸೆಕೆಂಡಿಗೂ ಮೀರಿ ನಡೆಯುತ್ತದೆ, ಆ್ಯಪ್‌ನಲ್ಲಿ ಅರ್ಧ ಸೆಕೆಂಡಿನೊಳಗೆ. ಅವಧಿ ಬೇರೆ, ನಡಿಗೆ ಒಂದೇ. ಕಣ್ಣು ಗುರುತು ಹಿಡಿಯುವುದು ನಡಿಗೆಯನ್ನು. ನಾಳೆ ಬೇರೆ ಯಾರಾದರೂ ಶೆಟ್ರಿಗೆ ರೀಲ್ಸ್ ಮಾಡಿಕೊಟ್ಟರೂ ಈ ಒಂದು ಸಾಲು ಅವರ ಕೈಯಲ್ಲಿದ್ದರೆ ಎಲೆ ಹಾಗೇ ಬಿಚ್ಚಿಕೊಳ್ಳುತ್ತದೆ.

ಪರೀಕ್ಷೆ ಮಾಡಿದ್ದು ನನ್ನ ಫೋನಿನಲ್ಲಲ್ಲ. ಊಟ ತಲುಪಿಸುವ ಹುಡುಗರಲ್ಲಿ ಒಬ್ಬನ ಫೋನ್ ಕೇಳಿ ತಗೊಂಡೆವು, ಗಾಜು ಒಡೆದಿತ್ತು, ಫೋಟೋಗಳಿಂದ ತುಂಬಿಹೋಗಿತ್ತು. ಪಾಪ, ನಾಚಿಕೊಂಡೇ ಕೊಟ್ಟ. ಡೆವಲಪರ್ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಆ್ಯಪ್ಪನ್ನು ಪೂರ್ತಿ ನಿಲ್ಲಿಸಿ ಮತ್ತೆ ಎಬ್ಬಿಸುವ ಈ ಆಜ್ಞೆ ಓಡಿಸಿದರು (ಪ್ಯಾಕೇಜ್ ಹೆಸರು, ಆಕ್ಟಿವಿಟಿ ಹೆಸರು ಎರಡೂ ನಿಮ್ಮ ಆ್ಯಪ್‌ನದ್ದು ಹಾಕಿ):

```
adb shell am start -S -W com.example.app/.MainActivity
```

ಬರುವ ಉತ್ತರದಲ್ಲಿ TotalTime ಅನ್ನುವ ಸಾಲು ನೋಡಿ, ಅದು ಮಿಲಿಸೆಕೆಂಡಿನಲ್ಲಿರುತ್ತದೆ. ನಾಲ್ಕೈದು ಸಲ ಓಡಿಸಿ, ಪ್ರತಿ ಸಲ ಬೇರೆ ಬರುತ್ತದೆ. ಲೋಗೋಗೆ ಎಷ್ಟು ಜಾಗವಿದೆ ಅನ್ನುವುದಕ್ಕೆ ಅದೇ ಸುಮಾರು ಅಂದಾಜು. ಸರ್ವರಿನಿಂದ ಊಟದ ಪಟ್ಟಿ ಬರುವುದು ತಡವಾದರೆ ಅದಕ್ಕೆ ಲೋಗೋ ಹಿಡಿದು ನಿಲ್ಲಿಸಬೇಡಿ. ಮೊದಲ ಪರದೆ ತೆರೆದು, ಪಟ್ಟಿ ಬರುವ ಜಾಗದಲ್ಲಿ ಬೂದು ಚೌಕಗಳನ್ನು ತೋರಿಸಿ.

ಗೇಮ್‌ಗಳ ಮಾತು ಬೇರೆ, ಅಲ್ಲಿ ತುಂಬಿಸಿಕೊಳ್ಳುವ ಹೊತ್ತೇ ದೊಡ್ಡದು. ಆದರೆ ಮಾಮೂಲಿ ಆ್ಯಪ್ ಒಂದರಲ್ಲಿ TotalTime ಮತ್ತೆ ಮತ್ತೆ 3000 ದಾಟುತ್ತಿದ್ದರೆ ಅದನ್ನು ಮುಚ್ಚಿಡಲು ಚಂದದ ಚಲನೆ ಮಾಡಿಕೊಡಿ ಅಂತ ದಯವಿಟ್ಟು ನನಗೆ ಹೇಳಬೇಡಿ. ಐದು ಸೆಕೆಂಡ್ ಮುಟ್ಟಿದರೆ ಗೂಗಲ್ಲೇ ಅದನ್ನು ಅತಿ ನಿಧಾನದ ಆ್ಯಪ್‌ಗಳ ಲೆಕ್ಕಕ್ಕೆ ಹಾಕುತ್ತದೆ. ಮೊದಲು ಡೆವಲಪರ್ ಜೊತೆ ಕೂತು ಶುರುವಿನಲ್ಲೇ ಏನೇನು ತುಂಬಿಸುತ್ತಿದ್ದೀರಿ ನೋಡಿ, ಬೇಡದ್ದು ತೆಗೆಸಿ, ಆಮೇಲೆ ನನಗೆ ಫೋನ್ ಮಾಡಿ.